ಪಕ್ಕದ ಹಲ್ಲು

ಡಾಕ್ಟರಮ್ಮನಿಗೆ ಕೋಪ ಮೊದಲಿಂದಲೂ ಮೂಗಿನ ತುದಿಯಲ್ಲೇ. ಈ ದೇಶಕ್ಕೆ ಬಂದ ಮೇಲಂತೂ ಅದು ಅಲ್ಲಿಂದ ಕೆಳಗಿಳಿದದ್ದೇ ಇಲ್ಲ. ಇಳಿಯುವುದಾದರೂ ಹೇಗೆ ಹೇಳಿ? ಊರಲ್ಲಿ ಸ್ವಂತ ಕ್ಲಿನಿಕ್ಕು ನಡೆಸಿ, ಅರ್ಧ ಊರಿನ ಹಲ್ಲು ಕಿತ್ತು, ಕಟ್ಟಿ, ಕ್ಯಾಪ್ ಹಾಕಿದವಳು. ಇಲ್ಲಿ ಇನ್ನೊಬ್ಬ ಡಾಕ್ಟರ ಪಕ್ಕ ಕೂತು ರೋಗಿಯ ಬಾಯಿಂದ ಎಂಜಲು ಎಳೆಯುವ ಪೈಪು ಹಿಡಿಯಬೇಕು. ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾಗುವ ತನಕ ಯಾರ ಹಲ್ಲನ್ನೂ ಕೊರೆಯುವಂತಿಲ್ಲ, ಯಾರ ಹಲ್ಲಿನ ಬಗ್ಗೆಯೂ ಬಾಯಿ ಬಿಡುವಂತಿಲ್ಲ.

ಒಮ್ಮೆ ಪರೀಕ್ಷೆಗೆ ಕೂತು ಫೇಲಾಗಿದ್ದಳು. ಥಿಯರಿ ಸಲೀಸಾಗಿ ಆಯಿತು. ಪ್ರಾಕ್ಟಿಕಲ್‌ನಲ್ಲಿ ಗೊಂಬೆಯ ತಲೆ, ಅದರ ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು. ಕ್ಯಾಪ್ ಕೂರಿಸಲೆಂದು ಒಂದು ದವಡೆ ಹಲ್ಲನ್ನು ಕೊರೆಯುವಾಗ ಡ್ರಿಲ್ಲಿನ ಮೊನೆ ಪಕ್ಕದ ಹಲ್ಲನ್ನೂ ಕಚ್ಚಿತು. ಪಕ್ಕದ ಹಲ್ಲು ಹಾಳಾಯಿತೋ, ಮುಗಿಯಿತು, ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಫೇಲು.

"ನಿಜವಾದ ಹಲ್ಲು ಗಟ್ಟಿ ಇರುತ್ತೆ ರೀ, ಎಲ್ಲಿ ನಿಲ್ಲಿಸ್ಬೇಕು ಅಂತ ಕೈಗೇ ಗೊತ್ತಾಗುತ್ತೆ. ಆ ಹಾಳು ಪ್ಲಾಸ್ಟಿಕ್ ಬೆಣ್ಣೆ ಥರ ಹೋಗುತ್ತೆ. ಗೊಂಬೆಗೇನು ನೋವಾ, ನಾಳೆ ಬಂದು ಕೇಸ್ ಹಾಕುತ್ತಾ?" ಎಂದು ಗಂಡನ ಮುಂದೆ ಕೂಗಾಡಿದ್ದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ ಅವನು. ಅವತ್ತು ಅವನ ಊಟ ಅವನೇ ಬಡಿಸಿಕೊಂಡ.

ಇನ್ನುಳಿದದ್ದು ಒಂದೇ ಅವಕಾಶ, ಅದೂ ಮುಂದಿನ ತಿಂಗಳು. ಕ್ಲಿನಿಕ್ಕಿನ ಡಾಕ್ಟರು ಒಂದು ಉಪಕಾರ ಮಾಡಿದ್ದರು, ಇಲ್ಲವೆನ್ನಬಾರದು. ಸಂಜೆ ರೋಗಿಗಳು ಹೋದ ಮೇಲೆ ಅಲ್ಲಿನ ಕುರ್ಚಿ, ಡ್ರಿಲ್ಲು ಬಳಸಿ ಗೊಂಬೆಯ ಮೇಲೆ ಅಭ್ಯಾಸ ಮಾಡಿಕೋ ಎಂದು ಬೀಗದ ಕೈ ಕೊಟ್ಟಿದ್ದರು. ಆ ಕೀಲಿ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ.

ಹೀಗಿರುವಾಗ ಬಸ್ ಓಡಿಸುವ ಅಕ್ಕ ಒಬ್ಬಳು ಕ್ಯಾಪ್ ಹಾಕಿಸಿಕೊಳ್ಳಲು ಬಂದಳು. ಡಾಕ್ಟರಿಗೆ ಹೊರಗೆ ಇನ್ನೂ ಇಬ್ಬರು ಕಾಯುತ್ತಿದ್ದ ಅವಸರ. ಕೊರೆದು ಮುಗಿಸಿದ ಮೇಲೆ ಇವಳು ಗಾಳಿ ಬಿಟ್ಟು ಒಣಗಿಸಿದಳು. ಪಕ್ಕದ ಒಳ್ಳೆಯ ಹಲ್ಲಿನ ಬದಿಯಲ್ಲಿ ಆಳವಾದ ಗೀರು! ಡಾಕ್ಟರೂ ನೋಡಿದರು. ಏನೂ ಆಗದವರಂತೆ ಅದನ್ನು ಉಜ್ಜಿ ನುಣುಪು ಮಾಡಿ, ತಾತ್ಕಾಲಿಕ ಕ್ಯಾಪ್ ಕೂರಿಸಿ, "ಫಸ್ಟ್ ಕ್ಲಾಸಾಗಿದೆ" ಎಂದು ಅಕ್ಕನನ್ನು ಕಳಿಸಿಬಿಟ್ಟರು.

ಇವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಪಾತ್ರೆಗಳ ಮೇಲೆ ತೀರಿಸಿಕೊಂಡಳು.

"ಹೊಳೆ ದಾಟೋವರೆಗೆ ಅಂಬಿಗನ ಜೊತೆ ಜಗಳ ಬೇಡ ಕಣೆ. ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೋ" ಎಂದ ಗಂಡ.

ಹಾಕಿಕೊಂಡಳು. ಸಂಜೆ ಸಂಜೆ ಗೊಂಬೆಯ ಮುಂದೆ ಕೂತು ಕೊರೆದದ್ದೇ ಕೊರೆದದ್ದು. ಕೊನೆಗೂ ಕೈ ಪ್ಲಾಸ್ಟಿಕ್ಕಿಗೆ ಒಗ್ಗಿತು. ಪಕ್ಕದ ಹಲ್ಲುಗಳು ಉಳಿಯತೊಡಗಿದವು.

ಪರೀಕ್ಷೆಗೆ ವಾರವಿರುವಾಗ ಖಾಯಂ ಕ್ಯಾಪ್ ಹಾಕಿಸಿಕೊಳ್ಳಲು ಅಕ್ಕ ಮತ್ತೆ ಬಂದಳು. "ಪಕ್ಕದ ಹಲ್ಲು ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ ಡಾಕ್ಟ್ರೇ. ಮುಂಚೆ ಹೀಗಿರ್ಲಿಲ್ಲ."

"ವಯಸ್ಸಾಯ್ತಲ್ಲ, ಒಸಡು ಜಾರಿರುತ್ತೆ. ಮೆತ್ತಗಿನ ಬ್ರಷ್ ತಗೊಳ್ಳಿ" ಎಂದರು ಡಾಕ್ಟರು.

ಅಕ್ಕ ಪಾಪ, ತನ್ನದೇ ತಪ್ಪೇನೋ ಎಂಬಂತೆ ತಲೆಯಾಡಿಸಿದಳು. "ಗಟ್ಟಿಯಾಗಿ ಉಜ್ಜೋ ಚಾಳಿ ನಂಗೆ" ಎಂದು ಕ್ಷಮೆ ಬೇರೆ ಕೇಳಿದಳು.

ಅಲ್ಲಿಗೆ ಡಾಕ್ಟರಮ್ಮನ ಬಾಯಿಯ ಬೀಗ ಕಳಚಿ ಬಿತ್ತು. ಪೈಪನ್ನು ಕೊಕ್ಕೆಗೆ ಸಿಕ್ಕಿಸಿದಳು.

"ಅಕ್ಕಾ, ನಿಮ್ಮ ತಪ್ಪಲ್ಲ. ಅವತ್ತು ಡ್ರಿಲ್ ಆ ಹಲ್ಲಿಗೂ ತಾಗಿದೆ, ನಾನು ನೋಡಿದೀನಿ. ಹೇಳೋ ಅಧಿಕಾರ ನನಗಿಲ್ಲ, ಆದ್ರೂ ಹೇಳ್ತಿದೀನಿ. ಅದನ್ನ ಸರಿ ಮಾಡಿಸ್ಕೊಳ್ಳದೆ ಈ ಕುರ್ಚಿಯಿಂದ ಏಳ್ಬೇಡಿ."

ಅಕ್ಕ ಡಾಕ್ಟರ ಮುಖವನ್ನೇ ನೋಡಿದಳು. ಡಾಕ್ಟರು ತೊದಲುತ್ತಾ ಆ ಹಲ್ಲನ್ನು ಮತ್ತೆ ಪರೀಕ್ಷಿಸಿದರು, ಗೀರು ಮುಚ್ಚಿ ತುಂಬಿಸಿದರು, ಸಾರಿ ಎಂದೂ ಹೇಳಿದರು. ಅಕ್ಕ ಹೋಗಿ ಬಾಗಿಲು ಮುಚ್ಚಿದ್ದೇ ತಡ, ಇವಳ ಕಡೆ ತಿರುಗಿದರು.

"ಕೀಲಿ ಇಡು ಇಲ್ಲಿ. ನಾಳೆಯಿಂದ ಬರೋದೂ ಬೇಡ. ಗೊಂಬೆ ಹಲ್ಲು ಕೊರೆಯೋಕೆ ಬರದೆ ಫೇಲಾದವಳು ನನಗೆ ಪಾಠ ಹೇಳ್ತೀಯಾ?"

ಇವಳು ಚೀಲದಿಂದ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟಳು.

"ಹೌದು ಡಾಕ್ಟ್ರೇ, ಪಕ್ಕದ ಹಲ್ಲು ಕೆಡಿಸಿದ್ದಕ್ಕೇ ನನ್ನ ಫೇಲ್ ಮಾಡಿದ್ರು. ವರ್ಷವಿಡೀ ಅವರಿಗೆ ಹಿಡಿ ಶಾಪ ಹಾಕ್ತಿದ್ದೆ. ಅವರು ಮಾಡಿದ್ದೇ ಸರಿ."