ಮುಚ್ಚಿದ್ದೆ ಅಷ್ಟೇ

ನನ್ನ ಸೊಸೆ ಕಂಪನಿಯ ಲ್ಯಾಪ್‌ಟಾಪ್ ಇದ್ದ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದಳು. ಬಸ್ಸಿನವರನ್ನು ಕೇಳಿದರೆ ಅಂಥ ಚೀಲವೇ ಇಲ್ಲವಂತೆ.

"ಇನ್ನೊಂದು ಸಲ ಹುಡುಕಿ ಆಮೇಲೆ ಆಫೀಸಿಗೆ ಹೇಳಮ್ಮ," ಅಂದೆ.

"ಬೇಡ ಅತ್ತೆ, ತಡ ಮಾಡಿದಷ್ಟೂ ಕೆಡುತ್ತೆ." ಅಡುಗೆಮನೆಯಲ್ಲೇ ನಿಂತು ಕಂಪನಿಯ ಮಾಹಿತಿ ಭದ್ರತೆಯವರಿಗೆ ಫೋನ್ ಮಾಡಿದಳು. ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

ಆ ಕಡೆಯ ಹುಡುಗ ಬೈಯಲಿಲ್ಲ. ಎಲ್ಲಿ ಹೋಯಿತು, ಅದರಲ್ಲಿ ಏನೇನಿತ್ತು ಅಂತ ನಿಧಾನವಾಗಿ ಕೇಳಿದ. ಗಿರಾಕಿ ಕಂಪನಿಯ ನೌಕರರ ವಿಳಾಸ, ಸಂಬಳದ ಕಡತಗಳು ಅಂದಳು.

"ಆಫ್ ಮಾಡಿದ್ರಾ ಮೇಡಂ, ಬರೀ ಮುಚ್ಚಿದ್ರಾ?"

"ಮುಚ್ಚಿದ್ದೆ ಅಷ್ಟೇ."

ಮುಚ್ಚಿದ ಮೇಲೆ ಇನ್ನೇನು ಅಂದುಕೊಂಡೆ ನಾನು. ಆದರೆ ಬರೀ ಮುಚ್ಚಿದ್ದು ಅರೆನಿದ್ದೆಯಂತೆ. ಪಾಸ್‌ವರ್ಡ್ ಕೇಳುತ್ತದೆ, ನಿಜ. ಪೂರ್ತಿ ಆರಿಸಿದ್ದರೆ ಇನ್ನೂ ಭದ್ರವಾಗಿರುತ್ತಿತ್ತಂತೆ.

"ನಿಮ್ಮ ಖಾತೆ ನಿಲ್ಲಿಸಿದೀನಿ. ಎಲ್ಲಾ ಅಳಿಸು ಅಂತ ಆಜ್ಞೆನೂ ಕಳಿಸಿದೀನಿ. ಅದು ಇಂಟರ್‌ನೆಟ್‌ಗೆ ಸೇರಿದ ಕೂಡಲೇ ಅಳಿಸುತ್ತೆ."

"ಸೇರದೇ ಇದ್ರೆ?"

"ಕಾಯಬೇಕು ಮೇಡಂ."

ನನಗೆ ತಡೆಯಲಾಗಲಿಲ್ಲ. "ಅಂದ್ರೆ ಕಳ್ಳನೇ ದೊಡ್ಡ ಮನಸ್ಸು ಮಾಡ್ಬೇಕೇನಪ್ಪಾ?"

"ಹಾಗಂತ್ಲೇ ಇಟ್ಕೊಳ್ಳಿ ಅಜ್ಜಿ," ಅಂದ. ಗಿರಾಕಿಗಳಿಗೆ ಕಂಪನಿಯೇ ತಿಳಿಸುತ್ತದೆ, ನೀವು ಅವರ ಹತ್ರ ಮಾತಾಡಬೇಡಿ ಅಂತ ಅವಳಿಗೆ ಎಚ್ಚರಿಸಿ ಫೋನ್ ಇಟ್ಟ.

"ಆ ಗಿರಾಕಿಗಳು ನನ್ನ ನಂಬಿ ಕಡತ ಕೊಟ್ಟಿದ್ರು ಅತ್ತೆ. ತಪ್ಪಾಯ್ತು ಅನ್ನೋಕೂ ನನಗೆ ಬಿಡಲ್ಲ," ಅಂತ ಅವಳು ನೆಲದ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.