ಕುದಿಸಿದರೂ ಮಣಿಯದ ನೀರು

ಲಾಂಡ್ರಿಯಲ್ಲಿ ಹಗಲೆಲ್ಲ ಬಟ್ಟೆ ಒಗೆದು, ಸಂಜೆ ಮುಕ್ತ ಶಾಲೆಯ ರಸಾಯನಶಾಸ್ತ್ರ ಓದುತ್ತಿದ್ದ ಅತ್ತಿಗೆಗೆ ಪ್ರಾಜೆಕ್ಟ್ ವಿಷಯ ಹುಡುಕುವುದು ಕಷ್ಟವೆನಿಸಲಿಲ್ಲ. 'ನೀರಿನ ಮಾಲಿನ್ಯ' ಎಂದು ಬರೆದುಕೊಂಡು ಹೋದಳು.

ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಇದು ಸಮುದ್ರದಷ್ಟು ದೊಡ್ಡದಮ್ಮ. ಪಠ್ಯದ ಯಾವ ಘಟಕಕ್ಕೆ ಸೇರುತ್ತೆ, ಅದನ್ನ ಮೊದಲು ಹೇಳಿ."

ಅತ್ತಿಗೆ ಪಾಠಪಟ್ಟಿಯನ್ನೂ ಅಂಕ ಹಂಚಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಗಡಸು ನೀರು ಒಂದು ಘಟಕದಲ್ಲಿತ್ತು. ಅಂಕಗಳಲ್ಲಿ ಹೆಚ್ಚಿನ ಪಾಲು ಸ್ವಂತ ಪ್ರಯೋಗಕ್ಕೆ ಮತ್ತು ಅದರ ವಿವರಣೆಗೆ. ಬರೀ ಮಾಹಿತಿಗೆ ಚೂರುಪಾರು. ಹಾಗಾಗಿ ವಿಷಯ ಕುಗ್ಗಿತು: 'ನಮ್ಮ ಲಾಂಡ್ರಿಯ ಬಾವಿ ನೀರು ಸೋಪನ್ನು ಎಷ್ಟು ತಿನ್ನುತ್ತದೆ?'

ಅವಳ ನಾದಿನಿ ಅದೇ ಘಟಕದಲ್ಲಿ ಹಿಂದೆ ಬೇರೊಂದು ಬಾವಿಯ ನೀರಿನ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ಅದನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ಅತ್ತಿಗೆ, ಯಾಕೆ ತಲೆ ಕೆಡಿಸ್ಕೊಳ್ತೀರಿ? ಕೋಷ್ಟಕ ಸಮೇತ ಇಳಿಸಿಬಿಡಿ."

ಅತ್ತಿಗೆ ವಿಧಾನವನ್ನಷ್ಟೇ ಅದರಿಂದ ಕಲಿತಳು: ಸಮ ಅಳತೆಯ ನೀರಿಗೆ ಸೋಪಿನ ದ್ರಾವಣ ಹನಿಹನಿಯಾಗಿ ಬಿಟ್ಟು ಕುಲುಕುವುದು, ನೊರೆ ನಿಲ್ಲುವವರೆಗೆ ಹನಿ ಎಣಿಸುವುದು. ಆದರೆ ನಾದಿನಿಯ ಕೋಷ್ಟಕದಲ್ಲಿ ಕುದಿಸಿದ ನೀರಿಗೆ ಸೋಪು ಅರ್ಧಕ್ಕರ್ಧ ಕಡಿಮೆ ಹಿಡಿದಿತ್ತು; ಅತ್ತಿಗೆಯ ಬಾಟಲಿಯಲ್ಲಿ ಕುದಿಸಿದ್ದಕ್ಕೂ ಕುದಿಸದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಮೂರು ಸಲ ಮಾಡಿದರೂ ಅಷ್ಟೇ.

"ನಿಮ್ಮದು ತಪ್ಪಿರ್ಬೇಕು. ನನ್ನ ಅಂಕಿನೇ ಹಾಕಿ," ಎಂದಳು ನಾದಿನಿ.

"ಅದು ನಿನ್ನ ನೀರು ಕಣೇ. ಇದು ನನ್ನ ಬಾವಿ. ಬಾವಿ ಬೇರೆಯಾದ್ಮೇಲೆ ಲೆಕ್ಕ ಒಂದೇ ಹೇಗಾಗುತ್ತೆ?"

ಪುಸ್ತಕ ಬಿಡಿಸಿದಳು. ಕುದಿಸಿದರೆ ಹೋಗುವುದು ತಾತ್ಕಾಲಿಕ ಗಡಸುತನ. ಸಲ್ಫೇಟು, ಕ್ಲೋರೈಡುಗಳದು ಶಾಶ್ವತ, ಕುದಿಸಿದರೂ ಹೋಗುವುದಿಲ್ಲ, ಅದಕ್ಕೆ ವಾಷಿಂಗ್ ಸೋಡ ಬೇಕು. ಲಾಂಡ್ರಿಯಲ್ಲಿದ್ದ ಸೋಡ ಚಿಟಿಕೆ ಹಾಕಿ ಕುಲುಕಿದಳು. ಬಿಳಿ ಗಸಿ ಇಳಿಯಿತು. ಅದನ್ನು ಸೋಸಿ ಹನಿ ಬಿಟ್ಟರೆ ಬೇಗನೆ ನೊರೆ ಉಕ್ಕಿತು. ಅತ್ತಿಗೆ ಒಬ್ಬಳೇ ನಕ್ಕಳು.

ವರದಿಯನ್ನು ತನ್ನ ಮಾತಲ್ಲೇ ಬರೆದಳು. ವಿಧಾನ ಯಾರಿಂದ ಕಲಿತದ್ದೆಂದು ಆಕರಗಳಲ್ಲಿ ನಾದಿನಿಯ ಹೆಸರೂ ಪುಸ್ತಕದ ಹೆಸರೂ ಸೇರಿದವು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕಿ ಕೋಷ್ಟಕದ ಮೇಲೆ ಬೆರಳಿಟ್ಟರು. "ಎಲ್ಲರಿಗೂ ಕುದಿಸಿದ್ರೆ ಮೆದುವಾಗಿದೆ. ನಿಮಗೆ ಯಾಕಿಲ್ಲ?"

"ನಮ್ಮ ನೀರಿನ ಗಡಸುತನ ಬಹುಪಾಲು ಶಾಶ್ವತದ್ದು, ಮೇಡಂ. ಅದಕ್ಕೇ ಸೋಡ ಹಾಕಿದ್ಮೇಲೆ ನೋಡಿ," ಎಂದು ಮುಂದಿನ ಸಾಲು ತೋರಿಸಿದಳು.

ಪರೀಕ್ಷಕಿ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು, ಅತ್ತಿಗೆ ತಡವರಿಸಲಿಲ್ಲ. ಹನಿಗಳ ಲೆಕ್ಕಕ್ಕೆ ಗ್ರಾಫ್ ಬಿಡಿಸಿರಲಿಲ್ಲವೆಂದು ಒಂದಿಷ್ಟು ಅಂಕ ಹೋಯಿತು. ಉಳಿದದ್ದೆಲ್ಲ ಕೈಸೇರಿತು.

ಅಂದಿನಿಂದ ಲಾಂಡ್ರಿಯಲ್ಲಿ ಒಗೆಯುವ ನೀರಿಗೂ ಮೊದಲು ಸೋಡ ಬೆರೆಸತೊಡಗಿದಳು. ಮರುವಾರ ಲಾಂಡ್ರಿಯ ಯಜಮಾನ, "ಸೋಪು ಇಷ್ಟು ಉಳೀತಲ್ಲ, ಏನ್ ಮಾಡಿದ್ರಿ?" ಎಂದು ಕೇಳಿದಾಗ ಅತ್ತಿಗೆ ಕೈ ಒರೆಸಿಕೊಂಡು, ಕುಳಿತುಕೊಳ್ಳಿ ಎಂದು ಸ್ಟೂಲು ಎಳೆದಳು.