ಪ್ರಕಟಣೆಯ ಕೆಳಭಾಗ

ಮೈದುನ ತೆಗೆದ ಫೋಟೋ ಬಹಳ ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನು ಮದುವೆ ಫೋಟೋಗ್ರಾಫರ್. ಮನೆಯಲ್ಲಿ ಅವನನ್ನು ‘ಕಲಾವಿದ’ ಎನ್ನುತ್ತಿದ್ದರು. ಮೊದಲು ಹೆಮ್ಮೆಯಿಂದ, ಈಚೆಗೆ ಅಭ್ಯಾಸದಿಂದ. ಕಾಲೇಜಿನ ಬೋರ್ಡಿಗೆ ವಿಶ್ವವಿದ್ಯಾಲಯದ ಪರೀಕ್ಷಾ ಪ್ರಕಟಣೆ ಹಾಕಿದ್ದಾರಂತೆ, ಹೋಗಿ ಒಂದು ಫೋಟೋ ಹೊಡ್ಕೊಂಡು ಬಾ ಎಂದು ಅತ್ತಿಗೆ ಹೇಳಿದ್ದಳು. ಅವಳು ಬಸ್ ಕಂಡಕ್ಟರ್. ಅವಳ ಬಸ್ಸು ಕಾಲೇಜಿನ ಮುಂದೆಯೇ ಹಾದುಹೋಗುತ್ತದೆ, ಆದರೆ ಕಂಡಕ್ಟರ್ ಇಳಿದು ನೋಟೀಸು ಓದುತ್ತ ನಿಂತರೆ ಬಸ್ಸಿನವರು ಸುಮ್ಮನಿರುತ್ತಾರೆಯೇ?

ಮದುವೆಯಾದ ಮೇಲೆ ಪದವಿಗೆ ಸೇರಿ, ಡ್ಯೂಟಿ, ಮಗುವಿನ ಜ್ವರ, ಮತ್ತೆ ಡ್ಯೂಟಿ ಎಂದು ಎಡವುತ್ತ ಏಳುತ್ತ ಅವಳು ಕೊನೆಯ ಸೆಮಿಸ್ಟರಿಗೆ ಬಂದಿದ್ದಳು. ಹಳೆಯ ಪಠ್ಯಕ್ರಮದವರಿಗೆ ಇದೇ ಕಡೆಯ ಅವಕಾಶ. ಈ ಬಾರಿ ತಪ್ಪಿದರೆ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದ ಓದಬೇಕು. ಓದಲು ಅವಳಿಗೆ ಬೇಸರವಿಲ್ಲ, ಮೊದಲಿನಿಂದ ಎಂದರೆ ಮಾತ್ರ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.

ಬುಧವಾರ ಸಂಜೆ ಅವಳು ಬರುವ ಹೊತ್ತಿಗೆ ಕಲಾವಿದ ಅವಳ ಫೋನಿನಲ್ಲಿ ಕ್ಯಾಲೆಂಡರ್ ಸಿದ್ಧಮಾಡಿಟ್ಟಿದ್ದ.

“ಅತ್ತಿಗೆ, ನೋಡಿ. ಫೋಟೋದಿಂದ ಅಕ್ಷರ ಎತ್ತಿ ಐದೂ ಪತ್ರಿಕೆ ಕೂರಿಸಿದೀನಿ. ಬಣ್ಣಾನೂ ಕೊಟ್ಟಿದೀನಿ. ಕಷ್ಟದ ಪತ್ರಿಕೆಗೆ ಕೆಂಪು.”

“ಎಲ್ಲಾ ಕೆಂಪೇ ಇದೆಯಲ್ಲೋ.”

“ನಿಮ್ಮ ಅಭಿಪ್ರಾಯ ಕೇಳಿಯೇ ಹಾಕಿದ್ದು. ಹೋದ ವಾರ ಎಲ್ಲಾ ಕಷ್ಟ ಅಂದಿದ್ರಿ.”

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಈಗಲೂ ‘ಸಿಸ್ಟರೇ’. ನಿವೃತ್ತಿ ಎನ್ನುವುದು ಸಂಬಳಕ್ಕೆ ಸಂಬಂಧಿಸಿದ ವಿಷಯ, ಅಧಿಕಾರಕ್ಕಲ್ಲ ಎಂದು ಅವರು ನಂಬಿದ್ದರು.

“ಜ್ಞಾಪಿಸೋದು ಯಾವಾಗ ಅಂತ ಇಟ್ಟಿದೀಯಾ?”

“ಪರೀಕ್ಷೆಗೆ ಹತ್ತು ನಿಮಿಷ ಮುಂಚೆ. ಅದು ತಾನಾಗೇ ಬರುತ್ತೆ, ಅಮ್ಮ.”

“ಹತ್ತು ನಿಮಿಷ ಮುಂಚೆ! ಅಷ್ಟು ಹೊತ್ತಿಗೆ ಅವಳು ಹಾಲ್‌ನಲ್ಲಿ ಕೂತಿರ್ತಾಳೆ. ಹೆರಿಗೆ ನೋವು ಬಂದ್ಮೇಲೆ ‘ನೀವು ಗರ್ಭಿಣಿ, ನೆನಪಿದೆಯಾ’ ಅಂತ ಫೋನ್ ಮಾಡಿದ ಹಾಗಾಯ್ತು ನಿನ್ನ ಕಥೆ.”

ಒಳಕೋಣೆಯಿಂದ ಹೊದಿಕೆಯೊಳಗಿನ ಧ್ವನಿಯೊಂದು, “ಮೆಲ್ಲಗೆ ಮಾತಾಡ್ರಪ್ಪ,” ಎಂದಿತು. ಅದು ಕಂಡಕ್ಟರ್ ಸೊಸೆಯ ಗಂಡ. ಬೇಕರಿಯಲ್ಲಿ ಕೆಲಸ, ಊರು ಏಳುವ ಮೊದಲೇ ಅವನ ಒಲೆ ಉರಿಯಬೇಕು. ಸಂಸಾರದ ಮುಖ್ಯ ತೀರ್ಮಾನಗಳೆಲ್ಲ ಅವನು ಮಲಗಿದ್ದಾಗಲೇ ಆಗುತ್ತಿದ್ದವು. ಅದರಿಂದ ಅವನಿಗೂ ನಷ್ಟವಾದಂತೆ ಕಾಣಲಿಲ್ಲ.

ಅತ್ತೆ ಕನ್ನಡಕ ಏರಿಸಿ ಮೇಜಿನ ಮುಂದೆ ಕುಳಿತರು. ವಾರ್ಡಿನಲ್ಲಿ ಔಷಧಿ ಕೊಡುವ ಮುನ್ನ ಒಬ್ಬರು ಚೀಟಿ ಓದಿ, ಇನ್ನೊಬ್ಬರು ಬಾಟಲಿ ಓದುವುದು ಪದ್ಧತಿ. ಇಲ್ಲಿಯೂ ಹಾಗೆಯೇ ಆಗಬೇಕು ಎಂದರು. ಮಗ ಫೋಟೋ ನೋಡಿ ದಿನಾಂಕ, ವಾರ ಎರಡನ್ನೂ ಹೇಳಬೇಕು, ಸೊಸೆ ಕ್ಯಾಲೆಂಡರ್ ನೋಡಿ ಉತ್ತರಿಸಬೇಕು.

ಮೊದಲ ಮೂರು ಪತ್ರಿಕೆ ಸರಿಹೋದವು.

“ನಾಲ್ಕನೇದು, ಇಪ್ಪತ್ತಾರು, ಮಂಗಳವಾರ.”

“ಇಪ್ಪತ್ತಾರು ಭಾನುವಾರ ಬರುತ್ತೆ,” ಎಂದಳು ಸೊಸೆ.

ಫೋಟೋ ಹಿಗ್ಗಿಸಿ ನೋಡಿದರೆ ಅಂಕಿಯ ಮೇಲೆ ಗುಂಡುಪಿನ್ನಿನ ನೆರಳು. ಅದು ಇಪ್ಪತ್ತೆಂಟು. ಎಂಟರ ಮೇಲಿನ ಹೊಟ್ಟೆಯ ಒಂದು ಬದಿಯನ್ನು ನೆರಳು ನುಂಗಿ ಆರು ಮಾಡಿತ್ತು.

“ಭಾನುವಾರ ಹೋಗಿ ಬೀಗ ಹಾಕಿದ ಗೇಟಿಗೆ ಉತ್ತರ ಬರೆದು ಬರ್ತಿದ್ಳು,” ಎಂದರು ಅತ್ತೆ.

ಕಲಾವಿದ ಅಂಕಿ ತಿದ್ದಿದ. ಅಷ್ಟರಲ್ಲಿ ಸೊಸೆಯ ಬೆರಳು ಐದನೆಯ ಪತ್ರಿಕೆಯ ಮೇಲೆ ನಿಂತಿತ್ತು. ಅದು ಕಿರುಸಂಶೋಧನೆಯ ಪತ್ರಿಕೆ. ಅದರ ಪಕ್ಕದಲ್ಲಿ ಚಿಕ್ಕದೊಂದು ನಕ್ಷತ್ರ.

“ಈ ಚುಕ್ಕಿ ಯಾಕಿದೆ?”

“ಡಿಸೈನ್ ಇರಬೇಕು.”

“ನಮ್ಮ ಬಸ್ ಪಾಸಿನಲ್ಲೂ ಇಂಥದ್ದೇ ಇರುತ್ತೆ. ಚುಕ್ಕಿ ಮುಂದುಗಡೆ, ಷರತ್ತು ಹಿಂದುಗಡೆ. ದಿನಾ ಅದಕ್ಕೇ ಜಗಳ. ಇದರ ಷರತ್ತು ಎಲ್ಲಿದೆ?”

ಕಲಾವಿದ ಕುರ್ಚಿಯಲ್ಲಿ ಸ್ವಲ್ಪ ಸರಿದ.

“ಕೆಳಗೆ ಏನೋ ಸಣ್ಣಕ್ಷರ ಇತ್ತು ಅತ್ತಿಗೆ. ಕಾಗದ ಸುಕ್ಕಾಗಿತ್ತು, ಪಕ್ಕದಲ್ಲಿ ಟ್ಯೂಷನ್ ಪೋಸ್ಟರ್ ಬೇರೆ. ಫ್ರೇಮ್ ಕೆಡ್ತಿತ್ತು ಅಂತ ಕಟ್ ಮಾಡ್ದೆ.”

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮದುವೆ ಫೋಟೋದಲ್ಲಿ ಮೂಲೆಯಲ್ಲಿ ನಿಂತ ದೊಡ್ಡಪ್ಪನ್ನ ಕಟ್ ಮಾಡ್ತೀಯಲ್ಲ, ಹಾಗಾ?” ಎಂದರು ಅತ್ತೆ. “ಆ ದೊಡ್ಡಪ್ಪನೇ ಮದುವೆ ಖರ್ಚು ಕೊಟ್ಟಿರ್ತಾನೆ ಕಣೋ.”

ಪುಣ್ಯಕ್ಕೆ ಮೂಲ ಚಿತ್ರ ಅವನ ಫೋನಿನಲ್ಲಿ ಹಾಗೇ ಇತ್ತು. ಕತ್ತರಿಸಿದ್ದನ್ನು ಹಿಂತೆಗೆದಾಗ ಪ್ರಕಟಣೆಯ ಕೆಳಭಾಗ ಎದ್ದುಬಂತು: ಸುಕ್ಕು, ಬೆಳಕಿನ ಮಚ್ಚೆ, ಟ್ಯೂಷನ್ ಪೋಸ್ಟರಿನ ಅರ್ಧ ಮುಖ, ಇವುಗಳ ನಡುವೆ ನಿಯಮಗಳು. ಮೇಲಿನ ಪಟ್ಟಿಯಲ್ಲಿದ್ದವು ಪರೀಕ್ಷೆಯ ದಿನಗಳು ಮಾತ್ರ. ತಪ್ಪಿದರೆ ತಲೆ ಹೋಗುವ ದಿನಗಳೆಲ್ಲ ಕೆಳಗೆ ವಾಕ್ಯಗಳೊಳಗೆ ಅಡಗಿದ್ದವು. ಪ್ರವೇಶಪತ್ರ ಇಳಿಸಿಕೊಂಡು ಪ್ರಾಂಶುಪಾಲರ ಸಹಿ ಹಾಕಿಸಬೇಕು. ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಒಳಗೆ ಬಿಡುವುದಿಲ್ಲ. ಫೋನು ತರುವಂತಿಲ್ಲ. ದಿನಾಂಕ ಬದಲಾದರೆ ಜಾಲತಾಣದಲ್ಲಿ ಮಾತ್ರ ತಿಳಿಸಲಾಗುವುದು. ಕೊನೆಗೆ ನಕ್ಷತ್ರ: ಕಿರುಸಂಶೋಧನೆಯ ವರದಿಯನ್ನು ಬೈಂಡ್ ಮಾಡಿಸಿ, ಪರೀಕ್ಷೆಗಳು ಆರಂಭವಾಗುವ ಹತ್ತು ಕೆಲಸದ ದಿನಗಳ ಮುಂಚೆ ಕಚೇರಿಗೆ ಸಲ್ಲಿಸಬೇಕು, ಸಲ್ಲಿಸದವರಿಗೆ ಪ್ರವೇಶಪತ್ರವಿಲ್ಲ.

ಅಂದರೆ ಐದನೆಯ ಪತ್ರಿಕೆಗಷ್ಟೇ ಅಲ್ಲ, ಯಾವುದಕ್ಕೂ ಇಲ್ಲ.

“ಇಪ್ಪತ್ತಕ್ಕೆ ಶುರು,” ಎಂದ ಕಲಾವಿದ. “ಹತ್ತು ಕಳೆದರೆ ಹತ್ತನೇ ತಾರೀಕು. ಮುಂದಿನ ಶುಕ್ರವಾರ. ಬೇಕಾದಷ್ಟು ಟೈಮಿದೆ.”

“ಕೆಲಸದ ದಿನ ಅಂತ ಬರೆದಿದೆ,” ಎಂದಳು ಸೊಸೆ. “ಶನಿವಾರ ಭಾನುವಾರ ಕಚೇರಿ ಇಲ್ಲ. ಹದಿನೈದಕ್ಕೆ ಸರ್ಕಾರಿ ರಜೆ. ಡಿಪೋದಲ್ಲಿ ಆವತ್ತಿನ ಹೆಚ್ಚುವರಿ ಬಸ್ಸಿನ ಚಾರ್ಟ್ ಆಗಲೇ ಹಾಕಿದಾರೆ.”

ಅವಳು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದಳು. ಬೆರಳು ಶನಿವಾರ ಭಾನುವಾರಗಳನ್ನು ದಾಟಿತು, ರಜೆಯನ್ನು ದಾಟಿತು, ಮುಂದಿನ ವಾರವನ್ನೂ ದಾಟಿತು. ನಿಂತದ್ದು ಈ ಶುಕ್ರವಾರದ ಮೇಲೆ. ನಾಡಿದ್ದು.

ಅವಳ ವರದಿ ಸಿದ್ಧವಿತ್ತು: ನಗರದ ಬಸ್ಸುಗಳಲ್ಲಿ ನಿಂತು ಪ್ರಯಾಣಿಸುವವರ ಬಗ್ಗೆ. ಸಾಮಗ್ರಿಗೆ ಅವಳು ದೂರ ಹೋಗಬೇಕಾಗಿರಲಿಲ್ಲ. ಆದರೆ ಅದಿನ್ನೂ ಬಿಡಿಹಾಳೆ. ಶುಕ್ರವಾರ ಅವಳಿಗೆ ಹಗಲು ಡ್ಯೂಟಿ.

“ಮುಗೀತು ಬಿಡಿ,” ಎಂದಳು.

“ಮುಗಿದಿದೆಯೋ ಇಲ್ಲವೋ ನಾನು ಹೇಳ್ತೀನಿ,” ಎಂದರು ಅತ್ತೆ. ಈ ಧ್ವನಿಗೆ ಒಂದು ಕಾಲದಲ್ಲಿ ಡಾಕ್ಟರುಗಳೂ ಕೈ ತೊಳೆಯುತ್ತಿದ್ದರು. “ಆಪರೇಷನ್ ಬೆಳಿಗ್ಗೆ ಅಂದ್ರೆ ಬೆಳಿಗ್ಗೆ ಹೇಳ್ತೀವಾ ಊಟ ಮಾಡಬೇಡ ಅಂತ? ಹಿಂದಿನ ದಿನಾನೇ ಹೇಳ್ತೀವಿ. ಗಂಟೆ ಹೊಡೆದಾಗ ಕೈಯಲ್ಲಿ ಮಾಡೋಕೆ ಒಂದು ಕೆಲಸ ಇರಬೇಕು. ಇಲ್ಲದಿದ್ರೆ ಅದು ಬರೀ ಗಲಾಟೆ. ಹೇಳು, ಡ್ಯೂಟಿ ಬದಲಾಯಿಸೋದು ಯಾರು?”

“ಟೈಂ ಕೀಪರ್. ಒಂದು ದಿನ ಮುಂಚೆ ಕೇಳಬೇಕು. ಆದ್ರೆ ಬಸ್ಸಲ್ಲಿ ಫೋನ್ ಬ್ಯಾಗಲ್ಲಿರುತ್ತೆ, ಮಧ್ಯಾಹ್ನ ಹೊಡ್ಕೊಂಡ್ರೂ ಕೇಳಲ್ಲ.”

“ಯಾವಾಗ ಕೇಳುತ್ತೆ?”

“ಸಂಜೆ ಡಿಪೋದಲ್ಲಿ ಕ್ಯಾಶ್ ಕಟ್ಟುವಾಗ. ಟೈಂ ಕೀಪರ್ ಕಿಟಕಿ ಪಕ್ಕದಲ್ಲೇ.”

“ಹಾಗಿದ್ರೆ ನಾಳೆ ಆ ಹೊತ್ತಿಗೆ ಹಾಕು.”

ಕಲಾವಿದ ಕೆಂಪು ಬಣ್ಣಗಳನ್ನೆಲ್ಲ ತೆಗೆದು ಮತ್ತೆ ಶುರುಮಾಡಿದ. ನಾಳೆ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಒಂದು ಜ್ಞಾಪನೆ: ಶುಕ್ರವಾರವೇ ಕೊನೆಯ ದಿನವೇ ಎಂದು ಫೋನ್ ಮಾಡಿ ಕೇಳು. ಇದನ್ನು ಅತ್ತೆ ತಮ್ಮ ಫೋನಿಗೆ ಹಾಕಿಸಿಕೊಂಡರು. ಎಣಿಕೆ ಎಷ್ಟೇ ಸರಿಯಿದ್ದರೂ ಹೇಳಬೇಕಾದವರ ಬಾಯಿಂದ ಬರಲಿ ಎಂದು. ಅಲ್ಲಿಯವರೆಗೆ ಶುಕ್ರವಾರದ ಮುಂದೆ ‘ಕೇಳಿ ಖಚಿತಪಡಿಸಬೇಕು’ ಎಂದು ಬರೆಯಿಸಿದರು. ಪ್ರವೇಶಪತ್ರಕ್ಕೊಂದು, ಪ್ರಾಂಶುಪಾಲರು ಊರಲ್ಲಿರುವ ದಿನಕ್ಕೆ. ದಿನಾಂಕ ಬದಲಾಗಿದೆಯೇ ನೋಡಲು ವಾರಕ್ಕೊಂದು. ಪ್ರತಿ ಪತ್ರಿಕೆಗೆ ಎರಡೇ: ಹಿಂದಿನ ಸಂಜೆ ಚೀಲ ತುಂಬಲು, ಬೆಳಿಗ್ಗೆ ಮನೆ ಬಿಡಲು.

“ಇನ್ನೂ ನಾಲ್ಕು ಹಾಕಲಾ?”

“ಬೇಡ. ಹೆಚ್ಚು ಹೊಡ್ಕೊಂಡ್ರೆ ನಾನು ನೋಡದೇ ಒರೆಸಿ ಹಾಕ್ತೀನಿ,” ಎಂದಳು ಸೊಸೆ. “ಸ್ಟಾಪಿಲ್ಲದ ಕಡೆಯೆಲ್ಲ ಬೆಲ್ ಒತ್ತೋ ಪ್ಯಾಸೆಂಜರ್ ಇರ್ತಾರೆ. ಆಮೇಲೆ ಡ್ರೈವರ್ ಯಾರಿಗೂ ನಿಲ್ಲಿಸಲ್ಲ.”

ಬೈಂಡಿಂಗ್ ಒಂದು ಉಳಿಯಿತು. “ಅದು ನನ್ನದು,” ಎಂದ ಕಲಾವಿದ, ಮೊದಲ ಬಾರಿಗೆ ಅಲಂಕಾರವಿಲ್ಲದೆ.

ಗುರುವಾರ ಕಚೇರಿಯವರು ಹೌದು, ನಾಳೆಯೇ ಕೊನೆ, ನಾಲ್ಕು ಗಂಟೆಯೊಳಗೆ ಎಂದರು. ಅತ್ತೆ ‘ಕೇಳಿ ಖಚಿತಪಡಿಸಬೇಕು’ ಎಂಬ ಎರಡು ಪದಗಳನ್ನು ತಾವೇ ಕುಟ್ಟಿ ಅಳಿಸಿದರು. ಸಂಜೆ ಡಿಪೋದಲ್ಲಿ ಸೊಸೆ ನೋಟಿನ ಕಂತೆ ಕೊಡುತ್ತಿದ್ದಂತೆ ಚೀಲ ಗುನುಗಿತು. ಅವಳು ಪಕ್ಕದ ಕಿಟಕಿಗೆ ಹೆಜ್ಜೆ ಹಾಕಿದಳು.

“ನಾಳೆ ಎರಡನೇ ಶಿಫ್ಟಿಗೆ ಹಾಕಿ ಸಾರ್.”

“ಏನಮ್ಮ, ಮನೇಲಿ ಮದುವೇನಾ?” ಎಂದರು ಟೈಂ ಕೀಪರ್.

“ಪರೀಕ್ಷೆ ಸಾರ್.”

“ಮಗುಗಾ?”

“ಮಗುವಿನ ಅಮ್ಮನಿಗೆ.”

ಅವರು ಚಾರ್ಟಿನ ಮೇಲಿನಿಂದ ಕತ್ತೆತ್ತಿ ನೋಡಿ, ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದರು. “ಇಷ್ಟು ಮುಂಚೆ ಕೇಳಿದ್ದು ಈ ವರ್ಷ ನೀನೊಬ್ಬಳೇ. ಉಳಿದೋರೆಲ್ಲ ಬಸ್ ಹೊರಟ್ಮೇಲೆ ಫೋನ್ ಮಾಡ್ತಾರೆ.”

ಶುಕ್ರವಾರ ಬೆಳಿಗ್ಗೆ ಕಲಾವಿದ ವರದಿ ತಂದುಕೊಟ್ಟ. ಒಂದೇ ದಿನದಲ್ಲಿ ಬೈಂಡ್ ಮಾಡಿಕೊಡಲು ಒಪ್ಪಿದ್ದು ಅವನಿಗೆ ಮದುವೆ ಆಲ್ಬಮ್ ಕಟ್ಟಿಕೊಡುವವನೊಬ್ಬನೇ. ಅವನಲ್ಲಿ ಇದ್ದದ್ದು ಒಂದೇ ಬಗೆಯ ರಟ್ಟು. ಹಾಗಾಗಿ ‘ನಗರ ಬಸ್ಸುಗಳಲ್ಲಿ ನಿಂತ ಪ್ರಯಾಣಿಕರು: ಒಂದು ಅಧ್ಯಯನ’ ಕಡುಗುಲಾಬಿ ಮಖಮಲ್ಲಿನಲ್ಲಿ, ಚಿನ್ನದ ಅಂಚಿನೊಂದಿಗೆ ಬಂದಿತ್ತು.

ಕಾಲೇಜಿನ ಗುಮಾಸ್ತೆ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡರು. “ಹುಡುಗ ಏನು ಮಾಡ್ತಾನೆ?”

“ನಿಂತಿರ್ತಾನೆ ಮೇಡಂ. ಸೀಟ್ ಸಿಗಲ್ಲ.”

ಗುಮಾಸ್ತೆ ನಗುತ್ತಲೇ ಮೊಹರು ಒತ್ತಿ ರಸೀದಿ ಕೊಟ್ಟರು. ಹೊರಗೆ ಬೋರ್ಡಿನ ಮುಂದೆ ಇಬ್ಬರು ಹುಡುಗಿಯರು ಪ್ರಕಟಣೆಯ ಫೋಟೋ ಹೊಡೆಯುತ್ತಿದ್ದರು. ಸೊಸೆ ಬಸ್ಸಿನಲ್ಲಿ ಒಳಗೆ ಸರಿಯಿರಿ ಎನ್ನುವ ಧ್ವನಿಯಲ್ಲೇ, “ಕೆಳಗಡೆದೂ ಬರಲಿ, ಕೆಳಗಡೆದೂ!” ಎಂದು ಹೇಳಿ ಹೋದಳು. ಅವರಲ್ಲೊಬ್ಬಳು ಕೆಳಗಡೆಯದನ್ನು ಓದಿ, ಗಕ್ಕನೆ ಕಚೇರಿಯತ್ತ ಓಡಿದಳು.

ಇಪ್ಪತ್ತನೆಯ ತಾರೀಕು ಅವಳು ಫೋನನ್ನು ಮನೆಯಲ್ಲೇ ಬಿಟ್ಟು, ಪ್ರವೇಶಪತ್ರ ಹಿಡಿದು, ತನ್ನದೇ ಮಾರ್ಗದ ಬಸ್ಸಿನಲ್ಲಿ ಟಿಕೆಟ್ ಕೊಂಡು ಹೊರಟಳು. ಪರೀಕ್ಷೆ ಶುರುವಾದ ಹೊತ್ತಿಗೆ ಕಪಾಟಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಆಗಷ್ಟೇ ಬೇಕರಿಯಿಂದ ಬಂದು ಮಲಗಿದ್ದ ಗಂಡ ಎದ್ದುಬಂದು, ಹಿಟ್ಟು ಮೆತ್ತಿದ ಬೆರಳಿನಿಂದ ತೆರೆದು ಓದಿದ. ಅತ್ತೆ ಸೇರಿಸಿದ್ದ ಸಾಲು: ‘ಈಗ ಬರೀತಿದ್ದಾಳೆ.’

“ಅಮ್ಮ, ಗಂಟೆ ಹೊಡೆದಾಗ ಏನಾದ್ರೂ ಕೆಲಸ ಇರಬೇಕು ಅಂದಿದ್ರಂತೆ. ಇದರಲ್ಲಿ ಏನು ಮಾಡೋ ಹಾಗಿದೆ?”

“ನಿನಗಿದೆ,” ಎಂದರು ಅತ್ತೆ, ಪಾತ್ರೆಗಳತ್ತ ಕೈ ತೋರಿಸಿ. “ಅವಳು ಬರೋ ಹೊತ್ತಿಗೆ ಅಡುಗೆ ಆಗಿರಬೇಕು.”